ಪರ-ವಿರೋಧಗಳೆರಡಕ್ಕೂ ಸಾಕ್ಷ್ಯವಿರುವ ಚರ್ಚಾವಿಷಯ: ನಮ್ಮ ನಳದ ನೀರಿನಿಂದಲೇ ಒಂದು ಪಾಠ



ಮಠಗಳ ಶಿಕ್ಷಣ ಸಂಸ್ಥೆಗಳಲ್ಲಿಯೂ ಪ್ರಸಾದ ನಿಲಯಗಳಲ್ಲಿಯೂ ಬಸವ ಜಯಂತಿ, ಶ್ರಾವಣ ಮಾಸ, ರಾಜ್ಯೋತ್ಸವಗಳ ಸಂದರ್ಭದಲ್ಲಿ ಚರ್ಚಾಸ್ಪರ್ಧೆಗಳು ನಡೆಯುತ್ತವೆ. ತಂತ್ರಜ್ಞಾನ ಮತ್ತು ಪರಿಸರ ಈಗ ಆ ಸ್ಪರ್ಧೆಗಳ ಮುಖ್ಯ ವಿಷಯಗಳಾಗಿವೆ. ‘ವಿಜ್ಞಾನ ವರವೋ ಶಾಪವೋ’, ‘ಪರಿಸರ ರಕ್ಷಣೆ ಅಗತ್ಯವೇ’ ಎಂಬ ಶೀರ್ಷಿಕೆಗಳು ವರ್ಷದಿಂದ ವರ್ಷಕ್ಕೆ ಮರಳಿ ಬರುತ್ತವೆ. ಇವುಗಳಲ್ಲಿರುವ ತೊಡಕು ವಿರೋಧ ಪಕ್ಷದ ವಿದ್ಯಾರ್ಥಿ ಎದ್ದು ನಿಂತ ಕೂಡಲೇ ಗೊತ್ತಾಗುತ್ತದೆ. ಪರಿಸರ ರಕ್ಷಣೆ ಅನಗತ್ಯವೆಂದು ವಾದಿಸಲು ಆ ಮಗುವಿನ ಕೈಯಲ್ಲಿ ಏನಿದೆ? ಆಗ ಅದು ಚಟಾಕಿ ಹಾರಿಸುತ್ತದೆ, ಇಲ್ಲವೇ ದನಿ ಏರಿಸುತ್ತದೆ, ಇಲ್ಲವೇ ತಾನೇ ನಂಬದ ಮಾತನ್ನು ನಿರರ್ಗಳವಾಗಿ ಹೇಳುತ್ತದೆ. ಸಭೆ ಚಪ್ಪಾಳೆ ತಟ್ಟಿದರೂ, ನಿಜವಲ್ಲದ್ದನ್ನು ಚೆಂದವಾಗಿ ಹೇಳುವುದೇ ವಾಕ್ಚಾತುರ್ಯವೆಂಬ ಪಾಠವನ್ನು ನಾವು ಆ ಮಗುವಿಗೆ ಕಲಿಸಿದಂತಾಯಿತು.

ತಪ್ಪು ವಿದ್ಯಾರ್ಥಿಯದಲ್ಲ, ವಿಷಯವನ್ನು ಆಯ್ದವರದು. ಎರಡೂ ಪಕ್ಷಗಳಿಗೆ ಪ್ರಾಮಾಣಿಕವಾದ ಸಾಕ್ಷ್ಯ ದೊರೆಯುವಂತಹ ವಿಷಯವನ್ನು ಆಯುವುದು ಹೇಗೆ ಎಂಬುದನ್ನು ನಮ್ಮ ಹುಬ್ಬಳ್ಳಿ-ಧಾರವಾಡದ್ದೇ ಆದ ಒಂದು ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯವನ್ನು ಒರೆಗೆ ಹಚ್ಚುವ ಮೂರು ಪ್ರಶ್ನೆಗಳು

ಚರ್ಚಾವಿಷಯವನ್ನು ನಿಶ್ಚಯಿಸುವ ಮುನ್ನ ಶಿಕ್ಷಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಈ ಸಂಗತಿಯನ್ನು ಯಾರಾದರೂ ಅಳೆದಿದ್ದಾರೆಯೇ? ಅಭಿಪ್ರಾಯಗಳು ಎಷ್ಟೇ ಇದ್ದರೂ ಅಳತೆ ಇಲ್ಲದ ಕಡೆ ವಾದವು ಗಾಳಿಯಲ್ಲಿ ತೇಲುತ್ತದೆ.

ಎರಡನೆಯದು: ಒಂದು ಪಕ್ಷದ ಅತ್ಯುತ್ತಮ ಸಾಕ್ಷ್ಯವನ್ನು ಒಪ್ಪಿಕೊಂಡ ಮೇಲೂ ಎದುರು ಪಕ್ಷಕ್ಕೆ ಹೇಳಲು ಸತ್ಯವಾದ ಮಾತು ಉಳಿಯುತ್ತದೆಯೇ? ಉಳಿಯದಿದ್ದರೆ ಅದು ಚರ್ಚೆಯ ವಿಷಯವಲ್ಲ, ಪಾಠದ ವಿಷಯ.

ಮೂರನೆಯದು: ಸಂಗತಿಗಳೆಲ್ಲವೂ ಇತ್ಯರ್ಥವಾದ ಬಳಿಕವೂ ‘ಹಾಗಾದರೆ ನ್ಯಾಯ ಯಾವುದು’ ಎಂಬ ಪ್ರಶ್ನೆ ಉಳಿಯುತ್ತದೆಯೇ? ನೀತಿಯ ಚರ್ಚೆ ಆರಂಭವಾಗುವುದೇ ಆ ಪ್ರಶ್ನೆಯಿಂದ.

ಈ ಮೂರಕ್ಕೂ ‘ಹೌದು’ ಎಂಬ ಉತ್ತರ ಬರುವ ವಿಷಯವೊಂದು ನಮ್ಮ ಮನೆಯಂಗಳದಲ್ಲಿಯೇ ಇದೆ. ಅದನ್ನು ಹೀಗೆ ಹೇಳಬಹುದು: ‘ಮೀಟರು ಸಹಿತ ನಿರಂತರ ನೀರು ಪೂರೈಕೆಯೇ ಹುಬ್ಬಳ್ಳಿ-ಧಾರವಾಡಕ್ಕೆ ನ್ಯಾಯಯುತವಾದ ವ್ಯವಸ್ಥೆ.’

ನಳದ ಹಿನ್ನೆಲೆ

ಅವಳಿ ನಗರಕ್ಕೆ ಮಲಪ್ರಭಾ ನದಿಯ ರೇಣುಕಾಸಾಗರ ಜಲಾಶಯದಿಂದಲೂ ನೀರಸಾಗರ ಕೆರೆಯಿಂದಲೂ ನೀರು ಬರುತ್ತಿತ್ತು. ಬಹುತೇಕ ಬಡಾವಣೆಗಳಲ್ಲಿ ಮೂರರಿಂದ ಐದು ದಿನಗಳಿಗೊಮ್ಮೆ, ಬೇಸಿಗೆಯಲ್ಲಿ ಅದಕ್ಕಿಂತಲೂ ತಡವಾಗಿ, ಕೆಲವೇ ಗಂಟೆಗಳ ಕಾಲ ನೀರು ಬಿಡುವ ಪದ್ಧತಿಯಿತ್ತು. ನೀರು ಬರುವ ದಿನ ಮನೆಯ ಹೆಣ್ಣುಮಕ್ಕಳು ಕೆಲಸ ಬಿಟ್ಟು ನಳದ ಬಳಿ ಕಾಯುವುದು, ಹಂಡೆ, ಕೊಡ, ಬ್ಯಾರಲ್‌ಗಳನ್ನೆಲ್ಲ ತುಂಬಿಡುವುದು ಇಲ್ಲಿಯ ಹಿರಿಯರಿಗೆ ಹೇಳಿ ತಿಳಿಸಬೇಕಾದ ಸಂಗತಿಯಲ್ಲ.

ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ರಾಜ್ಯ ಸರ್ಕಾರವು ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳಲ್ಲಿ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ನಮ್ಮಲ್ಲಿ 2008ರ ವೇಳೆಗೆ ಎಂಟು ವಾರ್ಡುಗಳು, ಅಂದರೆ ನಗರದ ಸುಮಾರು ಹತ್ತನೇ ಒಂದು ಭಾಗದಷ್ಟು ಜನರು, ಈ ವ್ಯವಸ್ಥೆಗೆ ಒಳಪಟ್ಟರು. ಹಳೆಯ ಕೊಳವೆಗಳ ಬದಲು ಹೊಸ ಕೊಳವೆಗಳು ಬಂದವು. ಪ್ರತಿ ಸಂಪರ್ಕಕ್ಕೆ ಮೀಟರು ಕೂಡಿಸಿ, ಬಳಸಿದಷ್ಟಕ್ಕೆ ಬಿಲ್ಲು ಕೊಡುವ ಕ್ರಮ ಬಂತು. ನಿರ್ವಹಣೆಯನ್ನು ಖಾಸಗಿ ಸಂಸ್ಥೆಗೆ ವಹಿಸಲಾಯಿತು. ಉಳಿದ ವಾರ್ಡುಗಳು ಹಳೆಯ ಸರದಿಯ ಪದ್ಧತಿಯಲ್ಲಿಯೇ ಮುಂದುವರಿದವು.

ಹೀಗೆ ಒಂದೇ ಊರಿನಲ್ಲಿ, ಒಂದೇ ಮೂಲದ ನೀರು ಎರಡು ರೀತಿಯಲ್ಲಿ ಮನೆಗಳಿಗೆ ತಲುಪತೊಡಗಿತು. ಹೋಲಿಸಿ ನೋಡಲು ಸಂಶೋಧಕರಿಗೆ ಇಂತಹ ಅವಕಾಶ ಸಿಗುವುದು ವಿರಳ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಇಲ್ಲಿಗೆ ಬಂದು ಹಲವು ಅಧ್ಯಯನಗಳನ್ನು ನಡೆಸಿದರು. ಇಂದು ಧಾರವಾಡದ ವಿದ್ಯಾರ್ಥಿಯ ಕೈಗೆ ತನ್ನ ಊರಿನದೇ ಅಂಕಿ-ಅಂಶಗಳು ಸಿಗುವುದಕ್ಕೆ ಅದೇ ಕಾರಣ.

ಪರ ಪಕ್ಷದ ಸಾಕ್ಷ್ಯ

ಪರವಾಗಿ ಮಾತನಾಡುವವರು ಮೊದಲು ಕೊಳವೆಯೊಳಗೆ ನಡೆಯುವುದೇನೆಂಬುದನ್ನು ತಿಳಿಯಬೇಕು. ನೀರು ನಿಲ್ಲಿಸಿದಾಗ ಕೊಳವೆಯಲ್ಲಿ ಒತ್ತಡ ಇಲ್ಲವಾಗುತ್ತದೆ. ಕೊಳವೆಯ ಜೋಡಣೆಗಳಲ್ಲಿಯೂ ಬಿರುಕುಗಳಲ್ಲಿಯೂ ಸುತ್ತಲಿನ ತೇವ, ಚರಂಡಿಯ ನೀರು ಒಳಗೆ ಸೇರಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಆ ಕೊಳೆಯೂ ಮನೆಗೆ ಬರುತ್ತದೆ. ಸದಾ ತುಂಬಿರುವ ಕೊಳವೆಯಲ್ಲಿ ಒತ್ತಡವು ಹೊರಮುಖವಾಗಿರುತ್ತದೆ. ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಕೊಳೆ ಒಳಗೆ ಬರುವುದಿಲ್ಲ.

ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳತೆಯಿಂದ ತೋರಿಸಿತು. ಮಲದಿಂದ ನೀರು ಕೆಟ್ಟಿದೆಯೇ ಎಂಬುದನ್ನು ಸೂಚಿಸುವ ಇ. ಕೋಲಿ ಎಂಬ ಸೂಕ್ಷ್ಮಾಣುವನ್ನು ಅವರು ನಳದ ನೀರಿನಲ್ಲಿ ಹುಡುಕಿದರು. ಸರದಿಯ ನೀರಿನ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಅದು ಕಂಡುಬಂತು. ನಿರಂತರ ನೀರಿನ ಮಾದರಿಗಳಲ್ಲಿ ಕಂಡುಬಂದದ್ದು ಶೇ. 0.7ರಷ್ಟರಲ್ಲಿ ಮಾತ್ರ. ಸರದಿಯ ನಳಗಳ ನೀರು ಮಳೆಗಾಲದಲ್ಲಿ ಬೇಸಿಗೆಗಿಂತ ಹೆಚ್ಚು ಕೆಡುತ್ತಿತ್ತು. ನಿರಂತರ ನಳಗಳಲ್ಲಿ ಋತುವಿನಿಂದ ಋತುವಿಗೆ ಅಂತಹ ವ್ಯತ್ಯಾಸ ಕಾಣಲಿಲ್ಲ.

ಇದು ಗಟ್ಟಿಯಾದ ಸಾಕ್ಷ್ಯ. ಇದನ್ನು ತಪ್ಪಾಗಿ ಹೇಳುವುದೂ ಅಷ್ಟೇ ಸುಲಭ. ‘ಊರಿನ ನೀರಿನ ಮೂರನೇ ಒಂದು ಭಾಗ ವಿಷ’ ಎಂದು ವೇದಿಕೆಯಲ್ಲಿ ಹೇಳಿದರೆ ಅದು ಸುಳ್ಳಾಗುತ್ತದೆ. ಅಧ್ಯಯನ ಹೇಳುವುದು ಪರೀಕ್ಷಿಸಿದ ಮಾದರಿಗಳ ಬಗೆಗೆ, ಅದೂ ಸೂಚಕ ಸೂಕ್ಷ್ಮಾಣುವಿನ ಬಗೆಗೆ. ಅದು ಇದ್ದಲ್ಲಿ ರೋಗದ ಅಪಾಯವಿದೆ ಎಂದು ಅರ್ಥವೇ ಹೊರತು ಕುಡಿದವರೆಲ್ಲ ರೋಗಿಗಳಾದರು ಎಂದಲ್ಲ.

ವಿರೋಧ ಪಕ್ಷದ ಸಾಕ್ಷ್ಯ

ನೀರು ಶುದ್ಧವಾದರೆ ಮಕ್ಕಳ ವಾಂತಿ-ಭೇದಿ ಕಡಿಮೆಯಾಗಬೇಕಲ್ಲವೆ? ಇದನ್ನು ತಿಳಿಯಲು ಆಯ್ಶೆ ಎರ್ಜುಮೆನ್ ಮತ್ತು ಅವರ ಸಹಸಂಶೋಧಕರು ನಿರಂತರ ನೀರಿನ ಎಂಟು ವಾರ್ಡುಗಳನ್ನು, ಅವುಗಳಿಗೆ ಹೋಲುವ ಸರದಿಯ ಎಂಟು ವಾರ್ಡುಗಳ ಜೊತೆ ಹೋಲಿಸಿದರು. 2010ರ ನವೆಂಬರಿನಿಂದ 2011ರ ನವೆಂಬರಿನವರೆಗೆ 3,922 ಮನೆಗಳಿಗೆ ಮತ್ತೆ ಮತ್ತೆ ಭೇಟಿ ಕೊಟ್ಟು ಐದು ವರ್ಷದೊಳಗಿನ ಮಕ್ಕಳ ಆರೋಗ್ಯವನ್ನು ದಾಖಲಿಸಿದರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿತ್ತು. ಒಟ್ಟಾರೆಯಾಗಿ ನೋಡಿದರೆ ನಿರಂತರ ನೀರಿನ ವಾರ್ಡುಗಳಲ್ಲಿ ಮಕ್ಕಳ ಭೇದಿಯ ಪ್ರಮಾಣ ಕಡಿಮೆಯಾಗಿರಲಿಲ್ಲ. ಮಕ್ಕಳ ಬೆಳವಣಿಗೆಯಲ್ಲಿಯೂ ಸುಧಾರಣೆ ಕಾಣಲಿಲ್ಲ.

ಇದಕ್ಕೆ ಕಾರಣದ ಒಂದು ಎಳೆ 2013ರ ಅಧ್ಯಯನದಲ್ಲಿಯೇ ಇದೆ. ಎರಡೂ ಬಗೆಯ ವಾರ್ಡುಗಳಲ್ಲಿ, ನಳದಿಂದ ನೇರವಾಗಿ ಹಿಡಿದ ನೀರಿಗಿಂತ ಮನೆಯೊಳಗೆ ಕುಡಿಯಲು ಇಟ್ಟ ನೀರಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚಾಗಿದ್ದವು. ಕೊಡಕ್ಕೆ ಅದ್ದುವ ಕೈ, ಮುಚ್ಚದ ಪಾತ್ರೆ, ಅಂಗಳದ ಕೊಳೆ, ಇವು ಹೊಸ ಕೊಳವೆ ಹಾಕಿದ ಮಾತ್ರಕ್ಕೆ ಬದಲಾಗುವುದಿಲ್ಲ. 24 ಗಂಟೆ ನೀರು ಬರುವ ಮನೆಯಲ್ಲಿಯೂ ತುಂಬಿಡುವ ರೂಢಿ ಉಳಿದೇ ಇತ್ತು. ಜಕಾರಿ ಬರ್ಟ್ ಮತ್ತು ಈಶಾ ರೇ ಅವರು 2014ರಲ್ಲಿ ನಮ್ಮ ಅವಳಿ ನಗರದ ಬಗೆಗೆ ಬರೆದ ಲೇಖನದ ಮುಖ್ಯ ವಿಷಯವೇ ಇದು: ನೀರು ಸಂಗ್ರಹಿಸುವ ರೂಢಿ ಮತ್ತು ಬಿಲ್ಲು ಕಟ್ಟದಿರುವ ರೂಢಿ, ಎರಡೂ ಹೊಸ ವ್ಯವಸ್ಥೆಯಲ್ಲಿ ಮುಂದುವರಿದವು.

ಈ ಬಿಲ್ಲಿನ ಸಂಗತಿಯೂ ವಿರೋಧ ಪಕ್ಷಕ್ಕೆ ಆಧಾರವಾಗುತ್ತದೆ. ಒಂದೇ ದರದ ಬದಲು ಬಳಸಿದಷ್ಟಕ್ಕೆ ಹಣ ಕೊಡುವಾಗ, ಜನ ಹೆಚ್ಚಿರುವ ಬಡ ಕುಟುಂಬ ಒಂದೇ ನಳವನ್ನು ಹಂಚಿಕೊಂಡರೆ ಅದರ ಮೀಟರು ಬೇಗ ಮೇಲಿನ ದರದ ಹಂತಕ್ಕೆ ಏರುತ್ತದೆ. ಕುಟುಂಬ ಚಿಕ್ಕದಾಗಿರುವ ಸಿರಿವಂತರ ಮನೆ ಕೆಳಗಿನ ಹಂತದಲ್ಲಿಯೇ ಉಳಿಯಬಹುದು. ಮಿತವ್ಯಯವನ್ನು ಕಲಿಸಲೆಂದು ಇಟ್ಟ ಮೀಟರು ಹೀಗೆ ಬಡತನಕ್ಕೆ ದಂಡ ವಿಧಿಸುವ ಸಾಧನವೂ ಆಗಬಹುದು.

ಒಂದೇ ಅಧ್ಯಯನ, ಎರಡು ಪಕ್ಷ

ಈಗ ವಿರೋಧ ಪಕ್ಷದ ವಿದ್ಯಾರ್ಥಿ ಗೆದ್ದನೆಂದು ತೋರಬಹುದು. ಆದರೆ 2015ರ ಅದೇ ಅಧ್ಯಯನವನ್ನು ಪೂರ್ತಿ ಓದಿದ ಪರ ಪಕ್ಷದ ವಿದ್ಯಾರ್ಥಿನಿ ಎದ್ದು ನಿಂತು ಇನ್ನೆರಡು ಸಾಲುಗಳನ್ನು ತೋರಿಸಬಲ್ಲಳು. ಕಡಿಮೆ ಆದಾಯದ ಕುಟುಂಬಗಳಲ್ಲಿ ಮಕ್ಕಳ ರಕ್ತಭೇದಿಯು ನಿರಂತರ ನೀರಿನ ವಾರ್ಡುಗಳಲ್ಲಿ ಶೇ. 37ರಷ್ಟು ಕಡಿಮೆಯಾಗಿತ್ತು. ಟೈಫಾಯ್ಡ್ ಬಂದಿತ್ತೆಂದು ಹೇಳಿದ ಮನೆಗಳ ಸಂಖ್ಯೆ ಶೇ. 42ರಷ್ಟು ಕಡಿಮೆಯಾಗಿತ್ತು. ಮಕ್ಕಳ ಭೇದಿಯ ಒಟ್ಟಾರೆ ಅಂಕಿಯಲ್ಲಿ ಕಾಣದ ಪ್ರಯೋಜನವು ಬಡವರ ಮನೆಯ ರಕ್ತಭೇದಿಯಲ್ಲಿಯೂ ಟೈಫಾಯ್ಡಿನಲ್ಲಿಯೂ ಕಂಡಿತ್ತು.

ವಿರೋಧ ಪಕ್ಷದವನು ಸುಮ್ಮನಿರಬೇಕಾಗಿಲ್ಲ. ಯಾವ ವಾರ್ಡಿಗೆ ನಿರಂತರ ನೀರು ಕೊಡಬೇಕೆಂಬುದನ್ನು ಸಂಶೋಧಕರು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ; ಯೋಜನೆಯವರು ಮೊದಲೇ ಆಯ್ದಿದ್ದರು. ಹೋಲುವ ವಾರ್ಡುಗಳನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ ಕಾಣದ ವ್ಯತ್ಯಾಸಗಳು ಉಳಿದಿರಬಹುದು. ಟೈಫಾಯ್ಡಿನ ಸಂಖ್ಯೆ ಮನೆಯವರ ಹೇಳಿಕೆಯನ್ನು ಆಧರಿಸಿದ್ದು, ಪ್ರಯೋಗಾಲಯದ ರಕ್ತಪರೀಕ್ಷೆಯನ್ನಲ್ಲ. ಇವು ಸಾಕ್ಷ್ಯವನ್ನು ಅಲ್ಲಗಳೆಯುವ ಮಾತುಗಳಲ್ಲ, ಅದರ ಮಿತಿಯನ್ನು ತೋರುವ ಮಾತುಗಳು.

ಗಮನಿಸಿ: ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿ ಬರಲಿಲ್ಲ. ‘ಏನೂ ಪ್ರಯೋಜನವಾಗಲಿಲ್ಲ’ ಎಂದವನೂ ತಪ್ಪು, ‘ರೋಗವೆಲ್ಲ ಹೋಯಿತು’ ಎಂದವಳೂ ತಪ್ಪು. ಅಧ್ಯಯನದ ಅರ್ಧವನ್ನಷ್ಟೇ ಓದಿ ಬಂದವರನ್ನು ಪೂರ್ತಿ ಓದಿದವರು ಸಭೆಯಲ್ಲಿಯೇ ಹಿಡಿಯಬಲ್ಲರು. ಒಳ್ಳೆಯ ವಿಷಯದ ಗುರುತು ಇದೇ.

ಅಳತೆ ಮುಗಿದ ಮೇಲೆ ಉಳಿಯುವ ಪ್ರಶ್ನೆ

ಸಂಗತಿಗಳು ಇಷ್ಟಾದ ಮೇಲೆ ಮೂರನೆಯ ಪ್ರಶ್ನೆಗೆ ಬರೋಣ. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಇಡೀ ನಗರದ ಕೊಳವೆಗಳನ್ನು ಬದಲಿಸಲು ಹಣವೂ ಬೇಕು, ವರ್ಷಗಳೂ ಬೇಕು. ಈ ಅವಧಿಯಲ್ಲಿ ಎಂಟು ವಾರ್ಡುಗಳಿಗೆ 24 ಗಂಟೆ ನೀರು ಕೊಟ್ಟು ಉಳಿದವರನ್ನು ಐದು ದಿನ ಕಾಯಿಸುವುದು ನ್ಯಾಯವೇ? ಅಥವಾ ಅದೇ ಹಣದಿಂದ ಎಲ್ಲರಿಗೂ ಎರಡು ದಿನಕ್ಕೊಮ್ಮೆ ಸಮನಾಗಿ ನೀರು ಕೊಡುವುದು ನ್ಯಾಯವೇ?

ಮೊದಲ ದಾರಿಯನ್ನು ಸಮರ್ಥಿಸುವವರು, ಒಂದು ಕಡೆ ಮಾಡಿ ತೋರಿಸದೆ ಎಲ್ಲ ಕಡೆ ಮಾಡಲಾಗದು ಎನ್ನುತ್ತಾರೆ. ನಂತರದ ವರ್ಷಗಳಲ್ಲಿ ಯೋಜನೆಯನ್ನು ನಗರದ ಉಳಿದ ಭಾಗಕ್ಕೆ ವಿಸ್ತರಿಸುವ ಕೆಲಸ ಕೈಗೊಂಡದ್ದು ಅವರ ಪರವಾದ ಮಾತು. ಪ್ರಯೋಗಕ್ಕೂ ವಿಸ್ತರಣೆಗೂ ನಡುವೆ ಹಲವು ವರ್ಷಗಳು ಕಳೆದದ್ದು, ಆ ವರ್ಷಗಳಲ್ಲಿ ಕಾದವರ ಕಷ್ಟ, ಎದುರು ಪಕ್ಷದ ಮಾತು. ಯಾವ ಪ್ರಯೋಗಾಲಯವೂ ಇದಕ್ಕೆ ಉತ್ತರ ಕೊಡಲಾರದು. ವಿದ್ಯಾರ್ಥಿಯೇ ಯೋಚಿಸಿ, ತಾನು ಯಾವ ಮೌಲ್ಯಕ್ಕೆ ಮೊದಲ ಸ್ಥಾನ ಕೊಡುತ್ತೇನೆಂದು ಹೇಳಬೇಕು.

ಸಿದ್ಧತೆಯ ಕ್ರಮ

ಈ ವಿಷಯಕ್ಕೆ ಎರಡು ವಾರಗಳ ಸಿದ್ಧತೆ ಸಾಕು. ಮೊದಲ ವಾರದಲ್ಲಿ ಯಾರು ಯಾವ ಪಕ್ಷವೆಂದು ತಿಳಿಸಬಾರದು. ಪ್ರತಿಯೊಬ್ಬರೂ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಪರ, ಬಲಕ್ಕೆ ವಿರೋಧ ಸಾಕ್ಷ್ಯಗಳನ್ನು ಬರೆಯಲಿ. ಪ್ರತಿ ಸಾಕ್ಷ್ಯದ ಕೆಳಗೆ ಮೂರು ಸಂಗತಿಗಳಿರಲಿ: ಯಾರು ಅಳೆದರು, ಯಾವಾಗ ಅಳೆದರು, ಏನನ್ನು ಅಳೆಯಲಿಲ್ಲ. ಮೂರನೆಯದನ್ನು ಬರೆಯಲಾಗದ ವಿದ್ಯಾರ್ಥಿ ಆ ಸಾಕ್ಷ್ಯವನ್ನು ಇನ್ನೂ ಅರಿತಿಲ್ಲವೆಂದು ತಿಳಿಯಬೇಕು.

ಅದೇ ವಾರದಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಎರಡು ಮನೆಗಳಿಗೆ ಹೋಗಿ ಬರಲಿ. ಒಂದು ನಿರಂತರ ನೀರಿನ ಮನೆ, ಇನ್ನೊಂದು ಸರದಿಯ ಮನೆ. ನೀರು ಕಡೆಯ ಸಲ ಯಾವಾಗ ಬಂತು, ಎಷ್ಟು ದಿನದ ನೀರು ತುಂಬಿಡುತ್ತೀರಿ, ಕುಡಿಯುವ ನೀರನ್ನು ಪಾತ್ರೆಯಿಂದ ಹೇಗೆ ತೆಗೆಯುತ್ತೀರಿ, ಬಿಲ್ಲು ಎಷ್ಟು ಎಂದು ಮನೆಯ ತಾಯಂದಿರನ್ನು ವಿನಯದಿಂದ ಕೇಳಲಿ. ಎರಡು ಮನೆಗಳ ಮಾತು ಇಡೀ ನಗರಕ್ಕೆ ಪ್ರಮಾಣವಾಗದು. ಆದರೆ ಶೇ. 31.7 ಎಂಬ ಅಂಕಿಯ ಹಿಂದೆ ಇರುವುದು ಯಾರ ಅಡುಗೆಮನೆ ಎಂಬುದು ಆ ಭೇಟಿಯಿಂದ ತಿಳಿಯುತ್ತದೆ.

ಎರಡನೆಯ ವಾರದ ಆರಂಭದಲ್ಲಿ ಪಕ್ಷಗಳನ್ನು ಹಂಚಬೇಕು. ಒಂದು ಅಭ್ಯಾಸದ ಸುತ್ತು ಮುಗಿದ ಬಳಿಕ ಅವುಗಳನ್ನು ಅದಲುಬದಲು ಮಾಡಬೇಕು. ಸ್ಪರ್ಧೆಯ ದಿನ ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಎದುರು ಪಕ್ಷದ ಅತ್ಯಂತ ಬಲವಾದ ಸಾಕ್ಷ್ಯವನ್ನು ಒಂದು ವಾಕ್ಯದಲ್ಲಿ ಸರಿಯಾಗಿ ಹೇಳಿ, ಅನಂತರ ತಮ್ಮ ಉತ್ತರ ಕೊಡಬೇಕೆಂಬ ನಿಯಮವಿರಲಿ. ನಿರ್ಣಾಯಕರು ಆ ವಾಕ್ಯಕ್ಕೂ ಅಂಕ ಕೊಡಲಿ. ಶೂನ್ಯಸಂಪಾದನೆಯು ಸಂವಾದದ ರೂಪದಲ್ಲಿಯೇ ರಚಿತವಾದ ಕೃತಿ. ಅಲ್ಲಿ ಎದುರಿನವರ ಪ್ರಶ್ನೆಯನ್ನು ಪೂರ್ತಿ ಕೇಳಿದ ಮೇಲೆಯೇ ಉತ್ತರ ಬರುತ್ತದೆ. ಆ ಕ್ರಮ ನಮ್ಮ ಮಕ್ಕಳಿಗೆ ಅಪರಿಚಿತವಾಗಬಾರದು.

ಸರಿಯಾಗಿ ಕಂಡರೂ ಸರಿಯಲ್ಲದ ವಿಷಯ

ನೀರಿನ ಮಾತು ಬಂದಾಗ ಅನೇಕರು ಸೂಚಿಸುವ ವಿಷಯ ‘ಮಹದಾಯಿ ನೀರು ನಮ್ಮ ಹಕ್ಕು’ ಎಂಬುದು. ಕಳಸಾ-ಬಂಡೂರಿ ಹೋರಾಟ ನಮ್ಮ ಭಾಗದ ರೈತರ ಕಣ್ಣೀರಿನಿಂದ ಬೆಳೆದದ್ದು, ಅದರ ಬಗೆಗೆ ಗೌರವವಿರಲಿ. ಆದರೆ ಈ ಮಾತು ಚರ್ಚೆಗೆ ಒದಗುವುದಿಲ್ಲ. ಹುಬ್ಬಳ್ಳಿಯ ಸಭೆಯಲ್ಲಿ ಅದನ್ನು ವಿರೋಧಿಸಲು ಯಾವ ಮಗು ಧೈರ್ಯ ಮಾಡೀತು? ಮೇಲಾಗಿ ಹಂಚಿಕೆಯ ಪ್ರಶ್ನೆಯನ್ನು ನ್ಯಾಯಾಧಿಕರಣವು ಪರಿಶೀಲಿಸಿ 2018ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. ಮಲಪ್ರಭೆಗೆ ತಿರುಗಿಸಲು ಕರ್ನಾಟಕ ಕೇಳಿದ್ದು 7.56 ಟಿಎಂಸಿ ಅಡಿ. ದೊರೆತದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಅಡಿ.

ಅದೇ ವಿಷಯವನ್ನು ಹೀಗೆ ತಿದ್ದಿ ನೋಡಿ: ‘ಬೇರೆ ಕಣಿವೆಯಿಂದ ನೀರು ತರುವ ಮುನ್ನ ನಗರವು ತನ್ನ ಕೊಳವೆಗಳ ಸೋರಿಕೆಯನ್ನು ತಡೆಯಬೇಕು.’ ಈಗ ಎರಡೂ ಕಡೆಗೆ ನೆಲೆ ಸಿಕ್ಕಿತು. ಪರ ಪಕ್ಷದವರು ಹಳೆಯ ಕೊಳವೆಗಳಲ್ಲಿ ಪೋಲಾಗುವ ನೀರನ್ನೂ, ಖಾನಾಪುರ ತಾಲ್ಲೂಕಿನ ಕಣಕುಂಬಿಯ ಸುತ್ತಲಿನ ಪಶ್ಚಿಮ ಘಟ್ಟದ ಕಾಡನ್ನೂ ಮುಂದಿಡಬಹುದು. ವಿರೋಧಿಸುವವರು, ಸೋರಿಕೆ ತಡೆದ ಮಾತ್ರಕ್ಕೆ ಬರಗಾಲದಲ್ಲಿ ಬತ್ತಿದ ಜಲಾಶಯ ತುಂಬದು, ನೀರಸಾಗರ ಬತ್ತಿದ್ದನ್ನು ನಾವೇ ಕಂಡಿದ್ದೇವೆ, ಕೊಳವೆ ದುರಸ್ತಿಗೆ ಹಿಡಿಯುವ ವರ್ಷಗಳ ಕಾಲ ಜನ ಬಾಯಾರಿ ಕೂರಲಾಗದು ಎನ್ನಬಹುದು. ಯಾರೂ ಊರಿನ ದ್ರೋಹಿಯಾಗಲಿಲ್ಲ, ಆದರೂ ವಾದ ಜೀವಂತವಾಯಿತು.

ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗವನ್ನೂ ಶಿಕ್ಷಕರು ಹೀಗೆಯೇ ಒರೆಗೆ ಹಚ್ಚಿ ನೋಡಬಹುದು. ಸುಮಾರು 164 ಕಿ.ಮೀ. ಉದ್ದದ ಈ ಯೋಜನೆಯಿಂದ ಒಳನಾಡಿಗೆ ಕರಾವಳಿಯ ಬಂದರು ಹತ್ತಿರವಾಗುತ್ತದೆ. ಅದಕ್ಕೆ ಕೇಳಿದ ಅರಣ್ಯಭೂಮಿ 595 ಹೆಕ್ಟೇರಿಗೂ ಮೇಲೆ. ‘ರೈಲು ಬೇಕೆ, ಕಾಡು ಬೇಕೆ’ ಎಂದು ಕೇಳಿದರೆ ಮತ್ತೆ ಘೋಷಣೆಗಳೇ ಕೇಳಿಬರುತ್ತವೆ. ‘ಈಗಿರುವ ರಸ್ತೆಯ ಲಾರಿ ಸಂಚಾರಕ್ಕಿಂತ ಈ ರೈಲು ಮಾರ್ಗದಿಂದ ಕಾಡಿಗೆ ಹಾನಿ ಕಡಿಮೆ’ ಎಂದು ವಿಷಯವನ್ನು ಕಟ್ಟಿದರೆ ಎರಡೂ ಪಕ್ಷಗಳು ಅಳತೆಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮುಂದಿನ ಸ್ಪರ್ಧೆಗೆ ವಿಷಯ ಆಯುವ ಶಿಕ್ಷಕರು ಶೀರ್ಷಿಕೆ ಪ್ರಕಟಿಸುವ ಮುನ್ನ ತಾವೇ ಒಂದು ಹಾಳೆಯ ನಡುವೆ ಗೆರೆ ಎಳೆದು ನೋಡಬೇಕು. ಒಂದು ಕಡೆ ತುಂಬಿ ಇನ್ನೊಂದು ಕಡೆ ಬರಿದಾಗಿದ್ದರೆ, ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆಯುವ ಮೊದಲು ಆ ವಾಕ್ಯವನ್ನು ತಿದ್ದಬೇಕು.